ಶ್ಲೇಷೆ ಗಡಿ ದಾಟದಿದ್ದಾಗ: ರಷ್ಯನ್ ಭಾಷೆಯಲ್ಲಿ ಜಾಹೀರಾತಿನ ಒಂದು ಸಾಲು



ಟೀವಿಯಲ್ಲಿ ಜಾಹೀರಾತು ಮುಗಿಯುವ ಹೊತ್ತಿಗೆ ಒಂದು ದನಿ ಒಂದೇ ಒಂದು ಸಾಲು ಹೇಳಿ ಹೋಗುತ್ತದಲ್ಲ, ಅದನ್ನು ನಾವು ಘೋಷವಾಕ್ಯ ಎನ್ನುತ್ತೇವೆ. ನಾಲ್ಕೈದು ಪದ, ಮೂರು ಸೆಕೆಂಡು. ಇಂದು ನಾನು ಮಾತಾಡಲಿರುವುದು ಅಂಥ ಸಾಲುಗಳ ಬಗ್ಗೆಯೇ. ಇಂಗ್ಲಿಷಿನಲ್ಲಿ ಹುಟ್ಟಿದ ಇಂಥ ಸಾಲು ರಷ್ಯನ್ ಭಾಷೆಗೆ ಹೋಗಬೇಕು. ಆದರೆ ಅದರ ಜೀವವೆಲ್ಲ ಇಂಗ್ಲಿಷಿನ ಒಂದು ಶ್ಲೇಷೆಯಲ್ಲಿದೆ. ಆ ಶ್ಲೇಷೆ ರಷ್ಯನ್ನಿನಲ್ಲಿ ಆಗುವುದೇ ಇಲ್ಲ. ಆಗ ಬರೆಯುವವನು ಏನು ಮಾಡುತ್ತಾನೆ?

ಸೋವಿಯತ್ ಒಕ್ಕೂಟ ಕಳಚಿಬಿದ್ದದ್ದು 1991ರಲ್ಲಿ. ಅದರ ಬೆನ್ನಿಗೇ ಹೊರಗಿನ ಸೋಪು, ಚಾಕೊಲೇಟು, ಬ್ಲೇಡು, ಕಾಡಿಗೆ ಎಲ್ಲ ರಷ್ಯದ ಅಂಗಡಿಗಳಿಗೆ ಬಂದವು. ಜೊತೆಗೆ ಅವುಗಳ ಜಾಹೀರಾತೂ ಬಂತು. ಚಿತ್ರವನ್ನು ಇದ್ದ ಹಾಗೇ ತೋರಿಸಬಹುದಿತ್ತು. ಸಾಲನ್ನು ಮಾತ್ರ ಹೊಸದಾಗಿ ಬರೆಯಬೇಕಾಯಿತು. ಈ ಕೆಲಸಕ್ಕೆ ಜಾಹೀರಾತಿನವರು ಇಟ್ಟುಕೊಂಡಿರುವ ಹೆಸರು ಟ್ರಾನ್ಸ್‌ಕ್ರಿಯೇಶನ್. ಈ ಪದವನ್ನು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಬಳಸಿದವರು ಕಲ್ಕತ್ತದ ಪಿ. ಲಾಲ್. ಅವರು ಮಹಾಭಾರತವನ್ನು ಇಂಗ್ಲಿಷಿಗೆ ತಂದಾಗ ಅದನ್ನು ಹೀಗೆಯೇ ಕರೆದರು. ಮಹಾಭಾರತಕ್ಕೆ ಇಟ್ಟ ಹೆಸರು ಇಂದು ಕಾಡಿಗೆಗೂ ಬಂದಿದೆ. ಇರಲಿ. ನಾನು ಇಲ್ಲಿ ಮರುಸೃಷ್ಟಿ ಎನ್ನುತ್ತೇನೆ.

ಬಹಳ ಉದಾಹರಣೆ ಕೊಟ್ಟು ನಿಮ್ಮನ್ನು ದಣಿಸುವುದಿಲ್ಲ. ಒಂದು ಸಾಲನ್ನು ಪೂರ್ತಿ ಬಿಚ್ಚಿ ನೋಡೋಣ. ಉಳಿದವು ಅದರ ಹಿಂದೆ ಬರಲಿ.

ಮೇಬೆಲೀನ್ ಎಂಬ ಕಂಪನಿ ನಿಮಗೆ ಗೊತ್ತಿರಬಹುದು. ಅಮೆರಿಕದ್ದು. ಕಣ್ಣಿನ ರೆಪ್ಪೆಗೆ ಹಚ್ಚುವ ಮಸ್ಕಾರಾದಿಂದ ಹೆಸರಾದದ್ದು. ಟಿ. ಎಲ್. ವಿಲಿಯಮ್ಸ್ ಎಂಬಾತ 1915ರಲ್ಲಿ ಅದನ್ನು ಕಟ್ಟಿದ. ಅಕ್ಕ ಮೇಬಲ್‌ಳ ಹೆಸರಿಗೆ ವ್ಯಾಸಲೀನಿನ ಬಾಲ ಸೇರಿಸಿ ಕಂಪನಿಗೆ ಹೆಸರಿಟ್ಟ. 1990ರ ದಶಕದ ಆರಂಭದಲ್ಲಿ ಅದಕ್ಕೆ ಒಂದು ಸಾಲು ಬಂತು. ಅದು ಹೀಗಿದೆ: ಮೇಬಿ ಶೀ ಈಸ್ ಬಾರ್ನ್ ವಿತ್ ಇಟ್, ಮೇಬಿ ಇಟ್ಸ್ ಮೇಬೆಲೀನ್. ಇವಳು ಹುಟ್ಟಿದ್ದೇ ಹೀಗೇನೋ, ಅಥವಾ ಇದು ಮೇಬೆಲೀನ್ ಮಾಯೆಯೇನೋ ಎಂಬುದು ಅದರ ಅರ್ಥ.

ಕಿವಿಗೊಟ್ಟು ಕೇಳಿ. ಮೇಬಿ ಎಂಬ ದನಿ ಮೂರು ಸಲ ಬರುತ್ತದೆ. ಎರಡು ಸಲ 'ಇರಬಹುದು' ಎಂಬ ಅನುಮಾನವಾಗಿ, ಮೂರನೇ ಸಲ ಕಂಪನಿಯ ಹೆಸರಿನ ತಲೆಯಾಗಿ. ಪ್ರಶ್ನೆ ಕೇಳುವ ಪದವೇ ಉತ್ತರವನ್ನು ಹೊತ್ತಿದೆ. ಅಕ್ಕ ಮೇಬಲ್‌ಳ ಹೆಸರಿನಲ್ಲಿ ಹೀಗೊಂದು ಶ್ಲೇಷೆ ಮುಕ್ಕಾಲು ಶತಮಾನ ಮಲಗಿತ್ತು. ಯಾರೋ ಎಬ್ಬಿಸಿದರು.

ಈಗ ರಷ್ಯನ್ನಿಗೆ ಬನ್ನಿ. 'ಇರಬಹುದು' ಎನ್ನಲು ಅಲ್ಲಿ ಮೋಝೆತ್ ಬೀತ್ ಎನ್ನುತ್ತಾರೆ. ಮೋಝೆತ್ ಬೀತ್, ಮೇಬೆಲೀನ್. ದನಿಯಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. ಪದಕ್ಕೆ ಪದ ಇಟ್ಟರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ. ಆದರೆ ಆ ಹೆಂಗಸಿನ ಚೆಲುವು ಸಾಚಾವೋ ಅಲ್ಲವೋ ಎಂದು ಯಾರೋ ಅನುಮಾನ ಪಡುತ್ತಿದ್ದಾರೆ ಎಂಬುದಷ್ಟೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಅನುಮಾನ ತುಂಟತನವಾಗಿತ್ತು. ದನಿಯಾಟ ಹೋದಮೇಲೆ ಅದು ಕೊಂಕಾಗುತ್ತದೆ. ಶ್ಲೇಷೆ ಸತ್ತಾಗ ನಗು ಮಾತ್ರ ಹೋಗುತ್ತದೆ ಎಂದುಕೊಳ್ಳಬೇಡಿ. ಅದು ಮುಚ್ಚಿಟ್ಟಿದ್ದ ಒರಟುತನವೂ ಹೊರಗೆ ಬರುತ್ತದೆ.

ಸರಿ, ಬೇರೊಂದು ಶ್ಲೇಷೆ ಹುಡುಕಿದರಾಯಿತಲ್ಲ ಎನ್ನಬಹುದು ನೀವು. ರಷ್ಯದಲ್ಲಿ ಆ ಸಾಲನ್ನು ಬರೆದವರು ಏನೇನು ಯೋಚಿಸಿದರೋ ನಾನು ಕಂಡಿಲ್ಲ. ಆದರೆ ಈ ಕಸುಬಿನವರು ಎಲ್ಲೆಲ್ಲಿ ತಡಕುತ್ತಾರೆ ಎಂಬುದನ್ನು ನಾವೂ ತಡಕಿ ನೋಡಬಹುದು. ಮೇಬೆಲೀನ್ ಎಂಬ ಹೆಸರಿನ ನಡುವೆ 'ಬೆಲ್' ಎಂಬ ದನಿಯಿದೆ. ರಷ್ಯನ್ನಿನಲ್ಲಿ ಅದು ಬಿಳುಪಿನ ಧಾತು. ಆದರೆ ಮಾರುತ್ತಿರುವುದು ಕರಿಯ ಮಸ್ಕಾರಾ! ಆ ಬಾಗಿಲು ಮುಚ್ಚಿತು. ಹೆಸರಿನ ಕೊನೆಯಲ್ಲಿ 'ಈನ್' ಇದೆ. ಅದಕ್ಕೆ ಪ್ರಾಸ ಬೇಕಾದಷ್ಟಿದೆ. ಮುಶ್ಶೀನ್ ಎಂದರೆ 'ಗಂಡಸರ'. ಹಾಗೆ ಪ್ರಾಸ ಕಟ್ಟಿದರೆ ಹೆಂಗಸಿನ ಅಲಂಕಾರವೆಲ್ಲ ಗಂಡಸರಿಗಾಗಿಯೇ ಎಂದಂತಾಗುತ್ತದೆ. ಮೂಲದಲ್ಲಿ ಆ ಮಾತಿರಲಿಲ್ಲ. ಇನ್ನೊಂದು ಪ್ರಾಸ ಬ್ಲೀನ್. ಎಂದರೆ ದೋಸೆಯಂಥ ತೆಳ್ಳನೆಯ ತಿಂಡಿ. ಜೊತೆಗೆ, ಕಿರಿಕಿರಿಯಾದಾಗ ಬಾಯಿಗೆ ಬರುವ ಹುಸಿ ಬೈಗುಳವೂ ಹೌದು. ಕೇಳಿದವರು ನಗುತ್ತಾರೆ, ಆದರೆ ಮಸ್ಕಾರಾ ಕೊಳ್ಳುವ ನಗು ಅಲ್ಲ ಅದು.

ಎಲ್ಲ ದಾರಿ ಮುಚ್ಚಿತು. ಆಗ ಕಸುಬು ತಿಳಿದವನು ಮೂಲದ ಪದಗಳನ್ನು ಬಿಟ್ಟು, ಆ ಸಾಲು ಮಾಡುತ್ತಿದ್ದ ಕೆಲಸವನ್ನು ನೋಡುತ್ತಾನೆ. ಅದು ಮಾಡುತ್ತಿದ್ದ ಕೆಲಸ ಮೂರು. ಒಬ್ಬ ಹೆಣ್ಣನ್ನು ಜನ ಬೆರಗಿನಿಂದ ನೋಡುತ್ತಿದ್ದಾರೆ ಎನ್ನುತ್ತಿತ್ತು. ಆ ಬೆರಗಿನ ಗುಟ್ಟು ಬೇರೆಲ್ಲೋ ಇದೆ ಎನ್ನುತ್ತಿತ್ತು. ಗುಟ್ಟಿನ ಹೆಸರನ್ನು ಕೊನೆಯ ಪದವಾಗಿ ಬಿಚ್ಚುತ್ತಿತ್ತು. ಈ ಮೂರನ್ನು ರಷ್ಯನ್ ತನ್ನದೇ ಸಾಮಗ್ರಿಯಿಂದ ಮಾಡಬೇಕು.

ರಷ್ಯದಲ್ಲಿ ಬಳಕೆಗೆ ಬಂದ ಸಾಲು ಇದು. ನಿಧಾನವಾಗಿ ಹೇಳುತ್ತೇನೆ. ಫ್ಸ್ಯೆ ವ್ ವಸ್ತೋರ್ಗೆ ಅತ್ ತಿಬ್ಯಾ, ಆ ತೀ ಅತ್ ಮೇಬೆಲೀನ್. ಕನ್ನಡದಲ್ಲಿ ಹೇಳುವುದಾದರೆ, ನಿನ್ನ ಕಂಡರೆ ಎಲ್ಲರಿಗೂ ಬೆರಗು, ನಿನಗೋ ಮೇಬೆಲೀನ್ ಕಂಡರೆ.

ಏನೇನಾಯಿತು ನೋಡಿ. ಜನರ ಬೆರಗು ಉಳಿಯಿತು. ಹೆಸರು ಕೊನೆಗೇ ಬಂತು. ಅನುಮಾನ ಹೋಯಿತು. ಹುಟ್ಟು ಚೆಲುವೋ ಹಚ್ಚಿದ್ದೋ ಎಂಬ ತಮಾಷೆಯ ಪ್ರಶ್ನೆ ಪೂರ್ತಿ ಹೋಯಿತು. ಅದು ನಷ್ಟವೇ. ಅದರ ಜಾಗದಲ್ಲಿ ಒಂದು ಸರಪಳಿ ಬಂತು. ಎಲ್ಲರ ಬೆರಗು ನಿನ್ನ ಕಡೆ, ನಿನ್ನ ಬೆರಗು ಮೇಬೆಲೀನ್ ಕಡೆ. ಇನ್ನೊಂದು ಬದಲಾವಣೆಯೂ ಇದೆ, ನನಗೆ ಅದೇ ದೊಡ್ಡದು. ಇಂಗ್ಲಿಷಿನಲ್ಲಿ 'ಅವಳು' ಇದ್ದಳು. ರಷ್ಯನ್ನಿನಲ್ಲಿ 'ನೀನು' ಬಂದಳು. ದೂರದಲ್ಲಿ ನಿಂತು ಇನ್ನೊಬ್ಬಳನ್ನು ನೋಡುತ್ತಿದ್ದವಳೇ ಈಗ ಎಲ್ಲರ ಕಣ್ಣಿಗೆ ಬಿದ್ದಳು.

ಇಲ್ಲಿಯವರೆಗೆ ಕೇಳಿದ್ದನ್ನು ಒಮ್ಮೆ ನೆನೆಯೋಣ. ಶ್ಲೇಷೆಯನ್ನು ಹೊತ್ತುಕೊಂಡು ಹೋಗಲು ಆಗಲಿಲ್ಲ. ಹೊಸ ಶ್ಲೇಷೆ ಹುಡುಕಿದರೆ ಅದು ತಪ್ಪು ಕಡೆಗೆ ಎಳೆಯಿತು. ಆದ್ದರಿಂದ ಸಾಲಿನ ಕೆಲಸವನ್ನು ಉಳಿಸಿಕೊಂಡು ಪದಗಳನ್ನು ಬಿಟ್ಟರು. ಆದರೆ ಶ್ಲೇಷೆಗೆ ಇನ್ನೊಂದು ಗುಣವಿತ್ತು. ಅದು ಸಾಲನ್ನು ನೆನಪಿನಲ್ಲಿ ಕೂರಿಸುತ್ತಿತ್ತು. ಅದಿಲ್ಲದೆ ಈ ರಷ್ಯನ್ ಸಾಲು ನೆನಪಿನಲ್ಲಿ ಹೇಗೆ ಕೂತಿತು?

ಲಯದಿಂದ. ಇನ್ನೊಮ್ಮೆ ಹೇಳುತ್ತೇನೆ, ಈ ಸಲ ತಟ್ಟುತ್ತಾ. ಫ್ಸ್ಯೆ ವ್ವಸ್, ತೋರ್ ಗೆ, ಅತ್ ತಿ, ಬ್ಯಾ ಆ, ತೀ ಅತ್, ಮೇ ಬೆ, ಲೀನ್. ಒತ್ತು, ಸಡಿಲ. ಒತ್ತು, ಸಡಿಲ. ಹದಿಮೂರು ಅಕ್ಷರ, ಎಲ್ಲಿಯೂ ಎಡವದೆ. ಕಂಪನಿಯ ಹೆಸರಿನ ಕೊನೆಯ ಅಕ್ಷರ ಒತ್ತಿನ ಮೇಲೆಯೇ ಬಂದು ನಿಲ್ಲುತ್ತದೆ. ನಮ್ಮ ಛಂದಸ್ಸು ಮಾತ್ರೆ ಎಣಿಸುತ್ತದೆ. ಲಘು ಗುರು ನೋಡುತ್ತದೆ. ರಷ್ಯನ್ ಛಂದಸ್ಸು ಎಣಿಸುವುದು ಒತ್ತನ್ನು. ಒತ್ತು ಮೊದಲು ಸಡಿಲ ಆಮೇಲೆ ಬರುವ ಈ ನಡೆಗೆ ರಷ್ಯನ್ನರು ಹರೇಯ್ ಎನ್ನುತ್ತಾರೆ. ಪುಷ್ಕಿನ್ ಬರೆದ ತ್ಸಾರ್ ಸಲ್ತಾನನ ಕತೆ ಇದೇ ನಡೆಯಲ್ಲಿದೆ. ಹಳ್ಳಿಯವರು ತಾಳ ಹಾಕಿ ಹಾಡುವ ಚಸ್ತೂಷ್ಕ ಎಂಬ ಚುಟುಕು ಹಾಡುಗಳೂ ಹೆಚ್ಚಾಗಿ ಇದೇ ನಡೆಯವು. ರಷ್ಯನ್ ಮಗು ಓದು ಕಲಿಯುವ ಮೊದಲೇ ಈ ನಡೆಯನ್ನು ಕಲಿತಿರುತ್ತದೆ. ಹಾಗಾಗಿ ಆ ನಡೆಯಲ್ಲಿ ಹೇಳಿದ್ದನ್ನು ಮರೆಯುವುದು ಕಷ್ಟ. ಕಣ್ಣಿಗೆ ಹಚ್ಚುವ ಮಸ್ಕಾರಾದ ಸಾಲಾದರೂ ಅಷ್ಟೇ.

ಇದು ಒಂದೇ ಸಾಲಿನ ಆಕಸ್ಮಿಕ ಎಂದು ನಿಮಗೆ ಅನಿಸಬಹುದು. ಗಿಲೆಟ್ ಬ್ಲೇಡಿನ ಸಾಲು ನೋಡಿ. ಇಂಗ್ಲಿಷಿನಲ್ಲಿ ಅದು 1989ರಿಂದ ಜೋರಾಗಿ ಕೇಳಿಬಂತು: ಗಿಲೆಟ್, ದ ಬೆಸ್ಟ್ ಎ ಮ್ಯಾನ್ ಕ್ಯಾನ್ ಗೆಟ್. ಇಲ್ಲಿ ಎರಡು ಆಟವಿದೆ. ಗಿಲೆಟ್ ಮತ್ತು ಗೆಟ್ ಪ್ರಾಸ, ಒಂದು. ಗೆಟ್ ಎಂಬ ಪದಕ್ಕೆ 'ಪಡೆಯುವುದು' ಎಂಬ ಅರ್ಥವೂ ಇದೆ, 'ಆಗುವುದು' ಎಂಬ ಅರ್ಥವೂ ಇದೆ, ಎರಡು. ಗಂಡಸಿಗೆ ಸಿಗಬಹುದಾದ ಅತ್ಯುತ್ತಮ ವಸ್ತು ಎಂದೂ ಆಯಿತು, ಗಂಡಸು ಆಗಬಹುದಾದಷ್ಟು ಉತ್ತಮ ಎಂದೂ ಆಯಿತು. ರಷ್ಯನ್ನಿನಲ್ಲಿ ಈ ಎರಡನ್ನೂ ಹೊರುವ ಒಂದೇ ಕ್ರಿಯಾಪದ ಇಲ್ಲ. ಅದನ್ನು ಬಿಡಲೇಬೇಕು. ಪ್ರಾಸವನ್ನಾದರೂ ಉಳಿಸಿಕೊಳ್ಳಬಹುದೇ?

ಉಳಿಸಿಕೊಂಡರು. ಝಿಲ್ಲ್ಯೆತ್. ಲೂಚ್ಶೆ ದ್ಲ್ಯಾ ಮುಶ್ಶೀನಿ ನ್ಯೆತ್. ಗಂಡಸಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ರಷ್ಯನ್ನರು ಆ ಕಂಪನಿಯ ಹೆಸರನ್ನು ಝಿಲ್ಲ್ಯೆತ್ ಎನ್ನುತ್ತಾರೆ. 'ಇಲ್ಲ' ಎನ್ನಲು ನ್ಯೆತ್ ಎನ್ನುತ್ತಾರೆ. ಲ್ಯೆತ್, ನ್ಯೆತ್. ರಷ್ಯನ್ ಭಾಷೆಯ ಅತಿ ಸಾಮಾನ್ಯ ಪದವೊಂದು ಪ್ರಾಸವಾಗಿ ಸಿಕ್ಕಿತು. ಕನ್ನಡ ಬಲ್ಲ ನಮಗೆ ಈ ವಾಕ್ಯದ ಕಟ್ಟು ಪರಿಚಿತವೇ. ನಾವೂ ವಾಕ್ಯದ ಕೊನೆಯಲ್ಲಿ 'ಇಲ್ಲ' ಎಂದು ಕುಕ್ಕಿ ಹೊಗಳುತ್ತೇವೆ, 'ಅವರಂಥ ಮನುಷ್ಯ ಇಲ್ಲ' ಎಂದು. ಇಂಗ್ಲಿಷ್ ಸಾಲು ಹೊಗಳುವುದು ಅತ್ಯುತ್ತಮ ಎಂದು ಹೇಳಿ. ರಷ್ಯನ್ ಹೊಗಳುವುದು ಇನ್ನೊಂದಿಲ್ಲ ಎಂದು ಹೇಳಿ. ಮತ್ತೆ ತಟ್ಟಿ ನೋಡಿ. ಲೂಚ್ ಶೆ, ದ್ಲ್ಯಾ ಮು, ಶ್ಶೀ ನಿ, ನ್ಯೆತ್. ಅದೇ ಹರೇಯ್. ಸಲ್ತಾನನ ಕತೆಯ ನಡೆಯಲ್ಲೇ ಗಂಡಸರು ಗಡ್ಡ ಹೆರೆದುಕೊಂಡರು.

ವಸ್ತುವಿನ ಹೆಸರನ್ನೇ ಪ್ರಾಸದ ಜಾಗಕ್ಕೆ ತಂದು ಕೂರಿಸುವ ಅಭ್ಯಾಸ ರಷ್ಯನ್ನರಿಗೆ ಹೊರಗಿನಿಂದ ಬಂದದ್ದಲ್ಲ. 1920ರ ದಶಕದಲ್ಲಿ ಕವಿ ಮಯಕೋವ್‌ಸ್ಕಿ ಮೊಸ್ಸೆಲ್‌ಪ್ರೊಮ್ ಎಂಬ ಸರ್ಕಾರಿ ಆಹಾರ ಸಂಸ್ಥೆಗೆ ಇಂಥದೇ ಪ್ರಾಸದ ಜಾಹೀರಾತು ಬರೆದುಕೊಟ್ಟಿದ್ದ. ಚಿತ್ರ ಬಿಡಿಸಿದವನು ರೊಡ್ಚೆಂಕೊ. ಹೀಗೆ ನೋಡಿದರೆ ಬ್ಲೇಡಿನ ಸಾಲಿಗೆ ಅಲ್ಲಿ ಹಳೆಯ ವಂಶವೇ ಇದೆ. ಇದರಲ್ಲಿ ಇನ್ನೊಂದು ತಮಾಷೆ ಇದೆ. ರಷ್ಯನ್ನಿನಲ್ಲಿ ಝಿಲ್ಯೆತ್ ಎಂದರೆ ಕೋಟಿನ ಒಳಗೆ ತೊಡುವ ತೋಳಿಲ್ಲದ ವೇಸ್ಟ್‌ಕೋಟು. ಬರೆಯುವಾಗ ಕಾಗುಣಿತ ಬೇರೆ, ಕೇಳುವಾಗ ಬಹುಮಟ್ಟಿಗೆ ಒಂದೇ. ಗಂಡಸಿಗೆ ವೇಸ್ಟ್‌ಕೋಟಿಗಿಂತ ಒಳ್ಳೆಯದು ಇಲ್ಲ ಎಂದು ಯಾರಾದರೂ ಕೇಳಿಸಿಕೊಂಡರೂ ಕಂಪನಿಗೆ ನಷ್ಟವಿಲ್ಲ. ಅದೂ ಗಂಡಸರ ವಸ್ತುವೇ.

ಈ ಪ್ರಾಸ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಪೊಟ್ಟಣದ ಮೇಲೆ ಕಂಪನಿಯ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಪಕ್ಕದ ಸಾಲು ರಷ್ಯನ್ ಅಕ್ಷರದಲ್ಲಿರುತ್ತದೆ. ಎರಡು ಲಿಪಿಗಳ ನಡುವೆ ಪ್ರಾಸ ಕಾಣುವುದು ಹೇಗೆ? ಬಾಯಿಬಿಟ್ಟು ಹೇಳಿದಾಗ ಮಾತ್ರ ಅದು ಕೇಳುತ್ತದೆ. ಆದ್ದರಿಂದ ಸಾಲನ್ನು ಬರೆಯುವವನು ಮೊದಲೇ ಕೇಳಿಕೊಳ್ಳಬೇಕು, ಇದು ಟೀವಿ, ರೇಡಿಯೋಗೋ, ಗೋಡೆಯ ಫಲಕಕ್ಕೋ ಎಂದು. ಬರಿ ಫಲಕಕ್ಕಾದರೆ ಈ ದಾರಿ ಅಷ್ಟೇನೂ ಫಲ ಕೊಡುವುದಿಲ್ಲ.

ಲಿಪಿಯ ಮಾತು ಬಂತು, ಅದರ ಹಿಂದೆಯೇ ವಿಭಕ್ತಿಯ ಮಾತು ಬರುತ್ತದೆ. ಕನ್ನಡದ ಹಾಗೆ ರಷ್ಯನ್ ಕೂಡ ನಾಮಪದಕ್ಕೆ ಬಾಲ ಹಚ್ಚುವ ಭಾಷೆ. ನಾವು ಲಕ್ಸ್‌ನಿಂದ, ಲಕ್ಸ್‌ಗೆ ಎನ್ನುವಂತೆ ಅವರೂ ಹೆಸರಿನ ಕೊನೆಯನ್ನು ಬದಲಿಸುತ್ತಾರೆ. ಆದರೆ ಕಂಪನಿಗಳಿಗೆ ತಮ್ಮ ಹೆಸರಿಗೆ ಬಾಲ ಅಂಟುವುದು ಇಷ್ಟವಿಲ್ಲ. ಇಂಗ್ಲಿಷ್ ಅಕ್ಷರದ ಹೆಸರಿಗೆ ರಷ್ಯನ್ ಬಾಲ ಬರೆದರೆ ನೋಡಲೂ ಅಸಹ್ಯ. ಗಿಲೆಟ್ ಸಾಲು ಹೆಸರನ್ನು ಬೇರೆಯೇ ವಾಕ್ಯವಾಗಿ ನಿಲ್ಲಿಸಿ ಇದರಿಂದ ಪಾರಾಯಿತು. ಮೇಬೆಲೀನ್ ಹೆಸರು ಸಾಲಿನ ತುದಿಯಲ್ಲಿ ಬಾಲವಿಲ್ಲದೆ ನಿಂತರೂ ಕಿವಿಗೆ ಚುಚ್ಚುವುದಿಲ್ಲ. ಈ ನಿಯಮವನ್ನೆಲ್ಲ ಗಾಳಿಗೆ ತೂರಿದ್ದು ಸ್ನಿಕರ್ಸ್. ಅದರ ರಷ್ಯನ್ ಸಾಲು ನಿ ತರ್ಮಜೀ, ಸ್ನಿಕರ್ಸ್‌ನೀ ಎಂದಿತ್ತು. ಚಾಕೊಲೇಟಿನ ಹೆಸರನ್ನೇ ಕ್ರಿಯಾಪದ ಮಾಡಿ ಆಜ್ಞಾರ್ಥ ಹೇಳಿತು. ಮಂಕಾಗಿ ಕೂರಬೇಡ, ಸ್ನಿಕರಿಸು ಎಂದ ಹಾಗೆ. ಅದು ಹರೆಯದವರ ತಿನಿಸು, ಹರೆಯದವರ ಮಾತು. ಸುಗಂಧದ ಕಂಪನಿಯೊಂದು ಹೀಗೆ ಮಾಡಿದ್ದರೆ ಯಾರೂ ಕ್ಷಮಿಸುತ್ತಿರಲಿಲ್ಲ.

ಕೇಳುಗರೇ, ಇದುವರೆಗೆ ನೋಡಿದ್ದು ದನಿಯ ಕಡೆಯ ಮಾತು. ಶ್ಲೇಷೆ ಹೋದಾಗ ಲಯ ಮತ್ತು ಪ್ರಾಸ ಆ ಜಾಗಕ್ಕೆ ಬಂದವು. ಕಂಪನಿಯ ಹೆಸರನ್ನು ಬಾಲ ಅಂಟದ ಕಡೆ ನಿಲ್ಲಿಸಿದರು. ಇನ್ನು ಕರೆಯುವ ಬಗೆಗೆ ಬರೋಣ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಯೂ. ರಷ್ಯನ್ನಿನಲ್ಲಿ ನಮ್ಮ ಹಾಗೆಯೇ ಎರಡು. ತೀ ಎಂದರೆ ನೀನು, ವೀ ಎಂದರೆ ನೀವು. ಇಂಗ್ಲಿಷ್ ಬರೆದವನು ತೀರ್ಮಾನಿಸದೆ ಬಿಟ್ಟದ್ದನ್ನು ರಷ್ಯನ್ ಬರೆಯುವವನು ತೀರ್ಮಾನಿಸಲೇಬೇಕು.

ಮೇಬೆಲೀನ್ 'ನೀನು' ಎಂದಿತು ಎಂದು ಕೇಳಿದಿರಿ. 1996ರಿಂದ ಮೇಬೆಲೀನ್ ಫ್ರಾನ್ಸಿನ ಲೊರಿಯಾಲ್ ಕಂಪನಿಯ ಕೈಲಿದೆ. ಲೊರಿಯಾಲ್‌ನ ಸ್ವಂತ ಸಾಲು ನಿಮಗೆ ಗೊತ್ತಿದ್ದೀತು: ಬಿಕಾಸ್ ಯೂ ಆರ್ ವರ್ತ್ ಇಟ್. 1970ರ ದಶಕದ ಆರಂಭದಲ್ಲಿ ಇಲೋನ್ ಸ್ಪೆಕ್ಟ್ ಎಂಬ ಯುವತಿ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯಲ್ಲಿ ಅದನ್ನು ಬರೆದಳು. ಮೊದಲು ಅದು 'ನಾನು' ಎಂದಿತ್ತು, ಆಮೇಲೆ 'ನೀವು' ಎಂದಾಯಿತು. ವರ್ತ್ ಎಂಬ ಪದದಲ್ಲೂ ಆಟವಿದೆ. ಆ ಸಾಲು ಬಂದದ್ದು ಕಂಪನಿಯ ಕೂದಲ ಬಣ್ಣಕ್ಕೆ, ಅದರ ಬೆಲೆ ಉಳಿದವುಗಳಿಗಿಂತ ಹೆಚ್ಚು. ಬೆಲೆ ಹೆಚ್ಚಾದರೇನು, ನನ್ನ ಬೆಲೆಯೂ ಕಡಿಮೆಯಲ್ಲ ಎಂಬುದು ಒಳಮಾತು.

ರಷ್ಯನ್ ಸಾಲು ಹೀಗಿದೆ: ವ್ಯೆತ್ ವೀ ಎತವ ದಸ್ತೋಯ್ನಿ. ನೀವು ಇದಕ್ಕೆ ಅರ್ಹರು ತಾನೇ ಎಂದು. ದುಡ್ಡಿನ ಅರ್ಥ ಹೋಯಿತು. ದಸ್ತೋಯ್ನಿ ಎಂಬ ಪದದಲ್ಲಿ ಯೋಗ್ಯತೆ ಇದೆ, ಬೆಲೆಪಟ್ಟಿ ಇಲ್ಲ. ಆದರೆ ಮೊದಲ ಪದ ನೋಡಿ. 'ಏಕೆಂದರೆ' ಎನ್ನಲು ರಷ್ಯನ್ನಿನಲ್ಲಿ ಪತಮು ಷ್ತೋ ಎಂಬುದಿದೆ. ಅದು ಶಾಲೆಯ ಉತ್ತರಪತ್ರಿಕೆಯ ಮಾತು. ಅದನ್ನು ಬಿಟ್ಟು ವ್ಯೆತ್ ಎಂಬ ಪುಟ್ಟ ಪದ ತಂದರು. ನಮ್ಮ 'ತಾನೇ', 'ಅಲ್ವಾ' ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಕಾರಣ ಹೇಳುತ್ತದೆ, ಜೊತೆಗೆ ಅದು ನಿಮಗೂ ಗೊತ್ತಿರುವುದೇ ಎಂದು ಒಪ್ಪಿಸುತ್ತದೆ. ಈ ಒಂದು ಪದಕ್ಕಾಗಿಯೇ ನಾನು ಈ ಸಾಲನ್ನು ಮೂಲಕ್ಕಿಂತ ಒಂದು ತೂಕ ಮೇಲೆ ಇಡುತ್ತೇನೆ.

ಮತ್ತೆ 'ನೀವು' ಏಕೆ? ಗೌರವ ಒಂದು ಕಾರಣ. ವ್ಯಾಕರಣ ಇನ್ನೊಂದು. 'ನೀನು ಅರ್ಹ' ಎಂದರೆ ಗಂಡಸು, 'ನೀನು ಅರ್ಹಳು' ಎಂದರೆ ಹೆಂಗಸು, 'ನೀವು ಅರ್ಹರು' ಎಂದರೆ ಯಾರಾದರೂ ಆದೀತು. ರಷ್ಯನ್ನಿನಲ್ಲೂ ಥೇಟ್ ಹೀಗೆಯೇ. ತೀ ಎಂದರೆ ದಸ್ತೋಯಿನ್ ಅಥವಾ ದಸ್ತೋಯ್ನ ಎಂದು ಲಿಂಗ ಹೇಳಬೇಕು. ವೀ ಎಂದರೆ ಎಲ್ಲರಿಗೂ ದಸ್ತೋಯ್ನಿ. ಒಂದೇ ಮನೆಯ ಎರಡು ಕಂಪನಿ, ಒಂದು ಹುಡುಗಿಯನ್ನು ನೀನು ಎನ್ನುತ್ತದೆ, ಇನ್ನೊಂದು ಹೆಂಗಸನ್ನು ನೀವು ಎನ್ನುತ್ತದೆ. ಇಂಗ್ಲಿಷಿನಲ್ಲಿ ಈ ಅಂತರ ಕೇಳಿಸುವುದೇ ಇಲ್ಲ.

ಮುಂದೆ ಹೋಗುವ ಮೊದಲು ನೆನಪಿಗೆ ಒಂದು ಮಾತು. ಮೇಬೆಲೀನ್ ಶ್ಲೇಷೆಯನ್ನು ಬಿಟ್ಟು ಲಯ ಪಡೆಯಿತು. ಲೊರಿಯಾಲ್ ಶ್ಲೇಷೆಯನ್ನು ಬಿಟ್ಟು ಒಂದು ಆಪ್ತ ಪದ ಪಡೆಯಿತು. ಶ್ಲೇಷೆಯನ್ನು ಬಿಟ್ಟು ಶ್ಲೇಷೆಯನ್ನೇ ಪಡೆದದ್ದೂ ಉಂಟೇ? ಉಂಟು, ಆದರೆ ಅಪರೂಪ. ಕಿಟ್‌ಕ್ಯಾಟ್ ಅಂಥದ್ದು.

ಕಿಟ್‌ಕ್ಯಾಟ್ ಎಂದರೆ ಬೆರಳಿನಂಥ ನಾಲ್ಕು ಪಟ್ಟಿಗಳನ್ನು ಜೋಡಿಸಿದ ಚಾಕೊಲೇಟು. ತಿನ್ನುವಾಗ ಪಟ್ಟಿಗಳನ್ನು ಟಕ್ಕೆಂದು ಮುರಿಯುತ್ತೇವೆ. ಇಂಗ್ಲಿಷ್ ಸಾಲು ಹ್ಯಾವ್ ಎ ಬ್ರೇಕ್, ಹ್ಯಾವ್ ಎ ಕಿಟ್‌ಕ್ಯಾಟ್. ಬ್ರೇಕ್ ಎಂದರೆ ಬಿಡುವು, ಬ್ರೇಕ್ ಎಂದರೆ ಮುರಿಯುವುದು. ರಷ್ಯನ್ನಿನಲ್ಲಿ ಬಿಡುವಿಗೆ ಪಿರಿರೀಫ್, ಮುರಿಯಲು ಲಮಾತ್. ಎರಡಕ್ಕೂ ಸಂಬಂಧವಿಲ್ಲ. ಇನ್ನೊಂದು ತೊಡಕೂ ಇತ್ತು. ಅದೇ ಮಾರುಕಟ್ಟೆಯಲ್ಲಿ ಟ್ವಿಕ್ಸ್ ಎಂಬ ಇನ್ನೊಂದು ಚಾಕೊಲೇಟು ಇದೆ. 1990ರ ದಶಕದಲ್ಲಿ ಅದರ ಸಾಲು ಜನರ ಬಾಯಲ್ಲಿತ್ತು. ಸ್ವಲ್ಪ ಬಿಡುವು ಮಾಡಿಕೋ, ಟ್ವಿಕ್ಸ್ ತಿನ್ನು ಎಂಬರ್ಥದ ಸಾಲದು. ಕಿಟ್‌ಕ್ಯಾಟ್ ತನ್ನ ಇಂಗ್ಲಿಷನ್ನು ಪದಕ್ಕೆ ಪದ ಇಟ್ಟಿದ್ದರೆ ಕೇಳಿದವನಿಗೆ ಟ್ವಿಕ್ಸ್ ನೆನಪಾಗುತ್ತಿತ್ತು. ಸ್ವಂತ ದುಡ್ಡಿನಲ್ಲಿ ಎದುರಾಳಿಯ ಜಾಹೀರಾತು! ಹಾಗಾಗಿ ಇಂಥ ಕೆಲಸ ಹಿಡಿದವನು ಮೊದಲು ಅಂಗಡಿಯ ಅದೇ ಗೂಡಿನಲ್ಲಿ ಕೂತಿರುವ ಉಳಿದವರ ಸಾಲುಗಳನ್ನೆಲ್ಲ ಕೇಳಿಸಿಕೊಳ್ಳಬೇಕು.

ರಷ್ಯನ್ ಸಾಲು ಏನೆಂದರೆ, ಯೆಸ್ತ್ ಪಿರಿರೀಫ್, ಯೆಸ್ತ್ ಕಿಟ್‌ಕ್ಯಾಟ್. ಬಿಡುವು ಇದೆ, ಕಿಟ್‌ಕ್ಯಾಟ್ ಇದೆ. ಇಷ್ಟೇ ಆದರೆ ಸಪ್ಪೆ. ಆದರೆ ರಷ್ಯನ್ನಿನಲ್ಲಿ ಯೆಸ್ತ್ ಎಂದರೆ 'ಇದೆ', ಯೆಸ್ತ್ ಎಂದರೆ 'ತಿನ್ನುವುದು' ಕೂಡ. ಒಂದೇ ಕಾಗುಣಿತ, ಒಂದೇ ಉಚ್ಚಾರ. ಮೊದಲ ಸಲ 'ಇದೆ' ಎಂದು ಕೇಳುತ್ತದೆ. ಎರಡನೇ ಸಲ 'ಇದೆ'ಯ ಹಿಂದೆ 'ತಿನ್ನು' ಇಣುಕುತ್ತದೆ. ಇಂಗ್ಲಿಷಿನ ಶ್ಲೇಷೆ ಬಿಡುವಿನ ಪದದಲ್ಲಿತ್ತು. ರಷ್ಯನ್ನಿನ ಶ್ಲೇಷೆ ಕ್ರಿಯಾಪದಕ್ಕೆ ಜಾರಿತು. ಮುರಿಯುವ ಟಕ್ ಸದ್ದು ಹೋಯಿತು, ತಿನ್ನುವ ಬಾಯಿ ಬಂತು. ಹಾಗೆ ನೋಡಿದರೆ, ಸೈನ್ಯದಲ್ಲಿ ಅಧಿಕಾರಿಯ ಅಪ್ಪಣೆಗೆ ಸಿಪಾಯಿ 'ಸರಿ ಸ್ವಾಮಿ' ಎನ್ನುವುದೂ ಯೆಸ್ತ್ ಎಂದೇ. ಅದನ್ನು ಯಾರೂ ಬಳಸಿಕೊಂಡಿಲ್ಲ, ಬಳಸಿಕೊಳ್ಳದೆ ಇದ್ದದ್ದೇ ಒಳ್ಳೆಯದು.

ಈಗ ಕೊನೆಯದಾಗಿ, ಈ ಸಾಲುಗಳು ಒಪ್ಪಿಗೆ ಪಡೆಯುವ ಬಗೆಯನ್ನು ಹೇಳುತ್ತೇನೆ. ಏಕೆಂದರೆ ಒಳ್ಳೆಯ ಸಾಲು ಸಾಯುವುದು ಹೆಚ್ಚಾಗಿ ಅಲ್ಲಿಯೇ. ಸಾಲನ್ನು ಒಪ್ಪಬೇಕಾದವರು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಇರುತ್ತಾರೆ. ಅವರಿಗೆ ರಷ್ಯನ್ ಬಾರದು. ಆದ್ದರಿಂದ ಬರೆಯುವವನು ಸಾಮಾನ್ಯವಾಗಿ ಒಂದಲ್ಲ, ಮೂರು ಆಯ್ಕೆ ಕೊಡುತ್ತಾನೆ. ಒಂದು ಮೂಲಕ್ಕೆ ಹತ್ತಿರ, ಒಂದು ನಡುವೆ, ಒಂದು ಬಹಳ ದೂರ. ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ ಬರೆಯುತ್ತಾನೆ. ಇದನ್ನು ಹಿಂದನುವಾದ ಎನ್ನಬಹುದು. ಅದರ ಪಕ್ಕದಲ್ಲಿ ಒಂದು ಟಿಪ್ಪಣಿ ಇಡುತ್ತಾನೆ. ಏನು ಹೋಯಿತು, ಏನು ಬಂತು, ಕಿವಿಗೆ ಹೇಗೆ ಕೇಳುತ್ತದೆ, ಯಾವ ವಯಸ್ಸಿನವರ ಮಾತು ಇದು ಎಂದು. ಇದಕ್ಕೆ ಪದಕ್ಕೆ ಇಷ್ಟು ಎಂದು ಕೂಲಿ ಕಟ್ಟುವುದಿಲ್ಲ. ಐದು ಪದಕ್ಕೆ ಎಷ್ಟು ಕೊಟ್ಟಾರು! ಗಂಟೆಯ ಲೆಕ್ಕವೋ ಕೆಲಸದ ಲೆಕ್ಕವೋ ಇರುತ್ತದೆ.

ತೊಂದರೆ ಇರುವುದು ಹಿಂದನುವಾದದಲ್ಲಿ. ಮಾರ್ಸ್ ಚಾಕೊಲೇಟಿನ ಉದಾಹರಣೆ ತೆಗೆದುಕೊಳ್ಳಿ. ದಿನಕ್ಕೊಂದು ಮಾರ್ಸ್ ತಿಂದರೆ ದುಡಿಮೆ, ವಿಶ್ರಾಂತಿ, ಆಟ ಮೂರೂ ಸಲೀಸು ಎಂಬುದು ಅದರ ಹಳೆಯ ಇಂಗ್ಲಿಷ್ ಸಾಲು. ಅದರಲ್ಲಿ ಪ್ರಾಸವೂ ಇತ್ತು, ದಿನಕ್ಕೊಂದು ಸೇಬು ತಿನ್ನಿ ಎಂಬ ಇಂಗ್ಲಿಷ್ ಗಾದೆಯ ನೆರಳೂ ಇತ್ತು. ರಷ್ಯದಲ್ಲಿ ಮಾರ್ಸ್ ಹೇಳಿದ್ದು ಬೇರೆಯೇ. ಫ್ಸ್ಯೋ ಬೂದಿತ್ ಫ್ ಷಕಲಾದೆ. ಇದನ್ನು ಹಿಂದನುವಾದ ಮಾಡಿದರೆ 'ಎಲ್ಲವೂ ಚಾಕೊಲೇಟಿನಲ್ಲಿ ಇರುತ್ತದೆ' ಎಂದಾಗುತ್ತದೆ. ಲಂಡನ್ನಿನಲ್ಲಿ ಕೂತವನು ಇದನ್ನು ಓದಿದರೆ ಏನಂದುಕೊಂಡಾನು? ಯಾರದೋ ಬಟ್ಟೆಗೆ ಚಾಕೊಲೇಟು ಮೆತ್ತಿತು ಎಂದುಕೊಂಡಾನು. ರಷ್ಯನ್ನನಿಗೆ ಅದು ದಿನಬಳಕೆಯ ನುಡಿಗಟ್ಟು. 'ಎಲ್ಲ ಸೊಗಸಾಗಿ ನಡೆಯುತ್ತದೆ, ಚಿಂತೆ ಬಿಡು' ಎಂದು ಅರ್ಥ. ನುಡಿಗಟ್ಟಿನಲ್ಲೇ ಚಾಕೊಲೇಟು ಇದೆ, ಮಾರುತ್ತಿರುವುದೂ ಚಾಕೊಲೇಟು. ಪಕ್ಕದ ಟಿಪ್ಪಣಿ ಇಲ್ಲದಿದ್ದರೆ ಇಂಥ ಸಾಲು ಮೊದಲ ಸಭೆಯಲ್ಲೇ ಬಿದ್ದುಹೋಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ಹಿಂದನುವಾದ ಮೂಲ ಇಂಗ್ಲಿಷಿಗೆ ತೀರಾ ಹೊಂದಿಬಂದರೆ ಒಪ್ಪುವವರಿಗೆ ಖುಷಿಯಾಗುತ್ತದೆ. ಬಲ್ಲವರಿಗೆ ಅನುಮಾನ ಬರುತ್ತದೆ. ಮೂಲದಲ್ಲಿ ಶ್ಲೇಷೆ ಇದ್ದೂ ಹಿಂದನುವಾದ ಹೊಂದಿಬಂದಿದೆ ಎಂದರೆ, ರಷ್ಯನ್ ಸಾಲಿನಲ್ಲಿ ಅರ್ಥ ಮಾತ್ರ ಇದೆ, ಆಟ ಇಲ್ಲ ಎಂದೇ ಬಹುಮಟ್ಟಿಗೆ ಲೆಕ್ಕ. ಪರೀಕ್ಷಿಸುವ ಸುಲಭ ಉಪಾಯವೊಂದಿದೆ. ಇಂಗ್ಲಿಷ್ ಮೂಲವನ್ನು ಎಂದೂ ಕೇಳದ ರಷ್ಯನ್ನನೊಬ್ಬನಿಗೆ ಸಾಲನ್ನು ಒಮ್ಮೆ ಓದಿ ಹೇಳುವುದು, ಮರುದಿನ ನೆನಪಿದೆಯೇ ಎಂದು ಕೇಳುವುದು. ಅವನು ಅರ್ಥವನ್ನು ಮಾತ್ರ ಹೇಳಿ ಪದಗಳನ್ನು ಬದಲಿಸಿದರೆ ಸಾಲು ಸೋತಿದೆ. ಪದಗಳು ಅದೇ ಕ್ರಮದಲ್ಲಿ ಬಂದರೆ ಗೆದ್ದಿದೆ.

ಮಾರ್ಸ್ ಸಾಲಿನ ಬಗ್ಗೆ ನನಗೊಂದು ತಕರಾರಿದೆ. ಮೇಬೆಲೀನ್, ಗಿಲೆಟ್, ಕಿಟ್‌ಕ್ಯಾಟ್ ಮೂರರಲ್ಲೂ ಮೂಲದ ಯಾವುದಾದರೂ ಒಂದು ಎಳೆ ಉಳಿದಿದೆ. ಬೆರಗೋ, ಪ್ರಾಸವೋ, ಬಿಡುವೋ. ಮಾರ್ಸ್‌ನಲ್ಲಿ ಚಾಕೊಲೇಟು ಬಿಟ್ಟರೆ ಏನೂ ಉಳಿದಿಲ್ಲ. ನನ್ನ ಮಟ್ಟಿಗೆ ಅದು ಮರುಸೃಷ್ಟಿಯಲ್ಲ, ಹೊಸ ಜಾಹೀರಾತು. ಚೆನ್ನಾಗಿದೆ, ಆದರೆ ಬೇರೆ. ಅಂಗಡಿಯಲ್ಲಿ ಕೊಳ್ಳುವವನಿಗೆ ಈ ಭೇದ ಬೇಕಿಲ್ಲ. ಕೂಲಿ ಗೊತ್ತುಮಾಡುವಾಗ ಮಾತ್ರ ಬರೆದವನಿಗೂ ಬರೆಸಿದವನಿಗೂ ಇದು ಬಹಳ ಬೇಕಾಗುತ್ತದೆ.